ಹತ್ತು ಆಡು, ಒಂದು ಹೋತ: ನಾಲ್ಕು ಮರಿಗಳ ಲೆಕ್ಕ

ಪಶುಸಂಗೋಪನೆ ಓದುವ ವಿದ್ಯಾರ್ಥಿಗಳು ಬರೆದು ತರುವ ಆಡು ಸಾಕಣೆಯ ಯೋಜನಾ ವರದಿಗಳಲ್ಲಿ ಒಂದು ಸಾಲು ತಪ್ಪದೇ ಇರುತ್ತದೆ: ಆಡು ಎರಡು ವರ್ಷಕ್ಕೆ ಮೂರು ಸಲ ಈಯುತ್ತದೆ, ಪ್ರತಿ ಸಲ ಎರಡು ಮರಿ, ಆದ್ದರಿಂದ ಹತ್ತು ಆಡಿಗೆ ವರ್ಷಕ್ಕೆ ಮೂವತ್ತು ಮರಿ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಹಾಗೆ ಮೂವತ್ತು ಮರಿ ಮಾರಿದ ಹತ್ತು ಆಡಿನ ಕುಟುಂಬವನ್ನು ನಮ್ಮ ಭಾಗದಲ್ಲಿ ನಾನು ಕಂಡಿಲ್ಲ. ಹುಟ್ಟಿದ ಮರಿಗೂ ಸಂತೆಗೆ ಹೋಗುವ ಮರಿಗೂ ನಡುವೆ ಒಂಬತ್ತು ತಿಂಗಳಿದೆ. ತಳಿ, ದೊಡ್ಡಿ, ಮೇವು ಯಾವುದನ್ನು ಆರಿಸುವಾಗಲೂ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಸಂತೆಗೆ ಹೋಗುವ ಮರಿಗಳ ಸಂಖ್ಯೆ ಹೆಚ್ಚುತ್ತದೆಯೇ?

ಒಂದು ಕುಟುಂಬವನ್ನು ಕಣ್ಣ ಮುಂದೆ ಇಟ್ಟುಕೊಂಡು ನಡೆಯೋಣ. ಬಾಗಲಕೋಟೆ ಜಿಲ್ಲೆಯ ಹುನಗುಂದ ಕಡೆಯ ಹಳ್ಳಿ. ಮೂರು ಎಕರೆ ಒಣ ಬೇಸಾಯದ ಎರೆ ಹೊಲ, ಅದರಲ್ಲಿ ಹತ್ತು ಗುಂಟೆಗೆ ಮಾತ್ರ ಬೋರ್‌ವೆಲ್ ನೀರು. ತೊಗರಿ, ಕಡಲೆ, ಹಿಂಗಾರಿ ಜೋಳ ಬೆಳೆಯುತ್ತಾರೆ. ಮನೆಯಲ್ಲಿ ಒಬ್ಬರು ದಿನಕ್ಕೆ ನಾಲ್ಕೈದು ಗಂಟೆ ಆಡುಗಳನ್ನು ಹೊರಗೆ ಹೊಡೆದುಕೊಂಡು ಹೋಗಬಲ್ಲರು. ಹತ್ತು ಹೆಣ್ಣು ಆಡು, ಒಂದು ಹೋತದಿಂದ ಶುರು ಮಾಡಬೇಕೆಂದಿದ್ದಾರೆ.

ಕುರಿಯೋ ಆಡೋ, ಯಾವ ತಳಿ?

ಈ ಕುಟುಂಬಕ್ಕೆ ನಾನು ಆಡನ್ನೇ ಹೇಳುತ್ತೇನೆ. ಕುರಿ ಕೆಳಗೆ ಬಾಗಿ ಹುಲ್ಲು ಮೇಯುವ ಪ್ರಾಣಿ. ಅದಕ್ಕೆ ನಡೆಯಲು ದಾರಿ ಬೇಕು, ಸುಗ್ಗಿಯಾದ ಹೊಲಗಳು ಬೇಕು, ದಿನವಿಡೀ ಹಿಂದೆ ಹೋಗುವ ಕುರಿಗಾಹಿ ಬೇಕು. ದಖ್ಖನಿ ಕುರಿ ಅಂಥ ಬದುಕಿಗೆಂದೇ ರೂಪುಗೊಂಡದ್ದು. ದೂರ ನಡೆಯುತ್ತದೆ, ಬರವನ್ನು ತಡೆಯುತ್ತದೆ, ಆದರೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಅದರ ಒರಟು ಉಣ್ಣೆಗೆ ಸಿಗುವ ಹಣ ಇಂದು ಹಲವೆಡೆ ಕತ್ತರಿಸುವ ಕೂಲಿಗೂ ಸಾಲುವುದಿಲ್ಲ. ಬಾಗಲಕೋಟೆ ಸೀಮೆಯ ಯಳಗ ಕುರಿ ಎತ್ತರವಾಗಿ ಬೆಳೆಯುತ್ತದೆ, ಅದರ ಟಗರು ಮರಿಗೆ ಅಮೀನಗಡದ ಸಂತೆಯಲ್ಲಿ ಒಳ್ಳೆಯ ಗಿರಾಕಿ ಇದೆ. ಕುರಿ ಕಾಯುವುದು ಮನೆತನದ ಕಸುಬಾಗಿರುವ ಕುಟುಂಬಗಳು ಯಳಗವನ್ನು ಬಿಟ್ಟು ಬೇರೆ ಕಡೆ ನೋಡಬೇಕಿಲ್ಲ. ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರದ ಕಾಳುಕಡಿ ಪಡೆಯುವ ಅನುಕೂಲವೂ ಅವರಿಗಿದೆ. ನಮ್ಮ ಮೂರು ಎಕರೆಯವರಿಗೆ ಅದು ಯಾವುದೂ ಇಲ್ಲ.

ಆಡು ಬೇಲಿಯ ಜಾಲಿ, ಬಾರಿ, ಬನ್ನಿ, ಬೇವಿನ ಎಲೆಗೆ ಬಾಯಿ ಹಾಕುತ್ತದೆ, ಹಿಂಗಾಲ ಮೇಲೆ ನಿಂತು ಟೊಂಗೆ ಎಳೆಯುತ್ತದೆ. ಬದುವಿನ ಮೇಲೆ ನಾಲ್ಕು ಗಂಟೆ ಮೇದರೂ ಅದರ ಹೊಟ್ಟೆ ಅರ್ಧ ತುಂಬುತ್ತದೆ. ತಳಿಗಳಲ್ಲಿ ಉಸ್ಮಾನಾಬಾದಿ ಇಲ್ಲಿಗೆ ಹೊಂದುತ್ತದೆ. ಅದರ ತವರು ಗಡಿಯಾಚೆಗಿನ, ಈಗ ಧಾರಾಶಿವ ಎಂದು ಹೆಸರಾದ ಉಸ್ಮಾನಾಬಾದ್, ಲಾತೂರ್, ಸೊಲ್ಲಾಪುರ ಜಿಲ್ಲೆಗಳು. ವಿಜಯಪುರದ್ದೇ ಬಿಸಿಲು, ಅದೇ ಎರೆಮಣ್ಣು, ಅದೇ ಜೋಳದ ಕಣಿಕೆ. ಬಹುಪಾಲು ಕಪ್ಪು ಬಣ್ಣ, ಬೆಳೆದ ಹೆಣ್ಣಿನ ತೂಕ ಸುಮಾರು 30 ಕಿಲೋ, ಅವಳಿ ಮರಿ ಸಾಮಾನ್ಯ. ಜಮುನಾಪಾರಿ, ಬೀಟಲ್, ಬೋಯರ್ ಎಂದು ದೊಡ್ಡ ದೇಹದ ಆಸೆ ತೋರಿಸುವವರು ಬಹಳ. ದೊಡ್ಡ ದೇಹಕ್ಕೆ ದೊಡ್ಡ ಮೇವೂ ಬೇಕು. ಎರಡು ಮರಿಗೆ ಸಾಲುವಷ್ಟು ಹಾಲು ಕೊಟ್ಟು ಮೇ ತಿಂಗಳ ಬಿಸಿಲಲ್ಲಿ ಹೊರಗೆ ಮೇಯುವ ಚಿಕ್ಕ ಆಡು ಈ ಕುಟುಂಬಕ್ಕೆ ಹೆಚ್ಚು ಮರಿ ಉಳಿಸಿಕೊಡುತ್ತದೆ. ದೇಹ ಸ್ವಲ್ಪ ಏರಬೇಕೆಂದರೆ ಹೋತವನ್ನು ಆರಿಸುವಾಗ ಅದನ್ನು ನೋಡಿ, ಇಡೀ ಹಿಂಡನ್ನು ಹೊರಗಿನಿಂದ ತರಬೇಡಿ.

ಕೊಳ್ಳುವಾಗ ಮುಟ್ಟಿ ನೋಡಬೇಕಾದದ್ದು

ಸಂತೆಯಲ್ಲಿ ಹತ್ತನ್ನೂ ಒಂದೇ ದಿನ ಕೊಂಡು ಗಾಡಿಗೆ ಹಾಕಿಕೊಂಡು ಬರುವುದು ಸುಲಭ. ಆದರೆ ಸಂತೆ ಹತ್ತಾರು ಊರುಗಳ ಹಿಂಡುಗಳು ಮೂಗಿಗೆ ಮೂಗು ತಾಗಿಸುವ ಜಾಗ. ಪಿಪಿಆರ್ ರೋಗ, ನಮ್ಮಲ್ಲಿ ಹಿರೇಬೇನೆ ಎನ್ನುವುದು, ಹರಡುವುದೇ ಹಾಗೆ. ಹಳ್ಳಿಗಳಲ್ಲಿ ಸಾಕಿದವರ ಮನೆಗೇ ಹೋಗಿ ಕೊಳ್ಳಿ. ತಾಯಿಯನ್ನು ನೋಡಬಹುದು, ಹಿಂದಿನ ಸಲ ಎಷ್ಟು ಮರಿ ಹಾಕಿತ್ತು ಎಂದು ಕೇಳಬಹುದು, ಎಷ್ಟು ಉಳಿದವು ಎಂದೂ ಕೇಳಬಹುದು. ಐದೈದರಂತೆ ಎರಡು ಕಂತಿನಲ್ಲಿ ತನ್ನಿ. ಎರಡನೆಯ ಕಂತನ್ನು ಮೂರು ವಾರ ಬೇರೆ ಜಾಗದಲ್ಲಿ ಕಟ್ಟಿ, ಕೆಮ್ಮು, ಮೂಗಿನ ಸಿಂಬಳ, ಭೇದಿ ಇಲ್ಲವೆಂದು ಖಾತ್ರಿಯಾದ ಮೇಲೆ ಹಿಂಡಿಗೆ ಸೇರಿಸಿ.

ಮೊದಲು ಬಾಯಿ ಬಿಡಿಸಿ. ಕೆಳದವಡೆಯ ಮುಂಭಾಗದ ಎಂಟು ಹಲ್ಲುಗಳಲ್ಲಿ ನಡುವಿನ ಎರಡು ಅಗಲವಾಗಿ ಬಂದಿದ್ದರೆ ವಯಸ್ಸು ಒಂದು ವರ್ಷ ದಾಟಿದೆ. ನಾಲ್ಕಾಗಿದ್ದರೆ ಸುಮಾರು ಎರಡು ವರ್ಷ. ಎಂಟೂ ಬಂದು ಬಾಯಿಗೂಡಿದ್ದರೆ ಮೂರೂವರೆ, ನಾಲ್ಕು. ಎರಡು ಮತ್ತು ನಾಲ್ಕು ಹಲ್ಲಿನವುಗಳೇ ನಿಮಗೆ ಬೇಕಾದವು. ಬಾಯಿಗೂಡಿ ಸವೆದ ಹಲ್ಲಿನ ಆಡು ಅಗ್ಗಕ್ಕೆ ಸಿಗುವುದು ಕಾರಣವಿದ್ದೇ.

ಆಮೇಲೆ ಕೆಳಗಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಒಳಪೊರೆ ಕೆಂಪಾಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳು ತುಂಬಿದೆ ಎಂದು ತಿಳಿಯಿರಿ. ಈ ಒಂದು ಪರೀಕ್ಷೆಯನ್ನು ಕೊಂಡ ಮೇಲೂ ತಿಂಗಳಿಗೊಮ್ಮೆ ಮಾಡುತ್ತಿರಬೇಕು. ಕೆಚ್ಚಲನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡಿ. ಗಂಟು ಸಿಕ್ಕರೆ, ಒಂದು ಭಾಗ ಗಟ್ಟಿಯಾಗಿದ್ದರೆ ಹಿಂದೆ ಕೆಚ್ಚಲು ಬಾವು ಬಂದಿತ್ತು, ಆ ಭಾಗದಲ್ಲಿ ಹಾಲಿಲ್ಲ. ಅವಳಿ ಹಾಕಿದರೆ ಒಂದು ಮರಿ ಹಸಿದು ಸಾಯುತ್ತದೆ.

ಹೋತವನ್ನು ಅವಳಿಯಾಗಿ ಹುಟ್ಟಿದ್ದನ್ನೇ ಹುಡುಕಿ. ಒಂದೂವರೆ ವರ್ಷ ತುಂಬಿರಲಿ, ಎರಡೂ ಬೀಜ ಸಮವಾಗಿ ಇಳಿದಿರಲಿ. ತಂದ ಸುಮಾರು ಎರಡು ವರ್ಷಕ್ಕೆ ಅದನ್ನು ಮಾರಿ ಬೇರೆ ರಕ್ತದ್ದನ್ನು ತರಬೇಕು, ಇಲ್ಲವೆಂದರೆ ಅದರ ಹೆಣ್ಣು ಮರಿಗಳೇ ಅದಕ್ಕೆ ಬೆದೆಗೆ ಬರುತ್ತವೆ. ಇನ್ನೊಂದು ಊರಿನ ಸಾಕಣೆದಾರರೊಂದಿಗೆ ಹೋತ ಬದಲಾಯಿಸಿಕೊಂಡರೆ ಖರ್ಚೂ ಇಲ್ಲ.

ದೊಡ್ಡಿ

ಲೆಕ್ಕ ಸರಳ. ಬೆಳೆದ ಆಡಿಗೆ 10 ಚದರ ಅಡಿ, ಹೋತಕ್ಕೆ 20, ಹಾಲು ಕುಡಿಯುವ ಮರಿಗೆ 4, ಬೆಳೆಯುವ ಮರಿಗೆ 6ರಿಂದ 8. ಹತ್ತು ಆಡು, ಒಂದು ಹೋತ ಮತ್ತು ಎರಡು ವಯಸ್ಸಿನ ಮರಿಗಳಿಗೆ ಸೇರಿ ಸುಮಾರು 300 ಚದರ ಅಡಿ ಸೂರು ಸಾಕು. 25 ಅಡಿ ಉದ್ದ, 12 ಅಡಿ ಅಗಲ. ಅದರ ಮುಂದೆ ಇದರ ಎರಡರಷ್ಟು ಬಯಲು ಅಂಗಳಕ್ಕೆ ತಂತಿ ಬಲೆ. ಉದ್ದ ಪೂರ್ವ ಪಶ್ಚಿಮವಾಗಿರಲಿ, ಆಗ ಬೇಸಿಗೆಯ ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗುವುದಿಲ್ಲ. ಸೂರಿನ ಅಂಚು 8 ಅಡಿಗಿಂತ ಕೆಳಗಿರಬಾರದು. ತಗಡು ಹೊದಿಸಿದರೆ ಮಾರ್ಚ್ ಬರುವಷ್ಟರಲ್ಲಿ ಅದರ ಮೇಲೆ ಕಬ್ಬಿನ ರವದಿಯನ್ನು ಅರ್ಧ ಅಡಿ ಹಾಸಿ. ಗೋಡೆ ಮೂರು ಅಡಿ ಕಲ್ಲಿನದು, ಅದರ ಮೇಲೆ ಬಲೆ. ಪೂರ್ತಿ ಗೋಡೆ ಕಟ್ಟಿ ಗಾಳಿ ಮುಚ್ಚಿದ ದೊಡ್ಡಿಯಲ್ಲಿ ಕೆಮ್ಮು ನಿಲ್ಲುವುದಿಲ್ಲ.

ಎರೆಮಣ್ಣಿನಲ್ಲಿ ಗೋಡೆಗಿಂತ ನೆಲವೇ ಮುಖ್ಯ. ಮಳೆಗಾಲದಲ್ಲಿ ಎರೆ ನೀರು ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ. ಎರಡು ಅಡಿ ಎತ್ತರಕ್ಕೆ ಕಲ್ಲು ತುಂಬಿ, ಮೇಲೆ ಗರಸು ಹಾಕಿ ಬಡಿದು, ಒಂದು ಬದಿಗೆ ಇಳಿಜಾರು ಕೊಡಿ. ಬಾಗಲಕೋಟೆ, ವಿಜಯಪುರದ ಮಳೆಗೆ ಹತ್ತು ಆಡಿನವರು ಎತ್ತರದ ಪಟ್ಟಿ ನೆಲದ ದುಬಾರಿ ದೊಡ್ಡಿ ಕಟ್ಟಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಖಾನಾಪುರದ ಕಡೆಯ ಸುರಿಮಳೆಯಲ್ಲಾದರೆ ಮಾತು ಬೇರೆ, ಅಲ್ಲಿ ನೆಲದಿಂದ ಮೇಲೆ ಕಟ್ಟಲೇಬೇಕು. ಕಟ್ಟುವವರು ಪಟ್ಟಿಗಳ ನಡುವಿನ ಸಂದನ್ನು ಒಂದೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿ ಇಡಬೇಕು. ಹೆಚ್ಚಾದರೆ ಮರಿಯ ಕಾಲು ಸಿಕ್ಕಿ ಮುರಿಯುತ್ತದೆ, ಕಡಿಮೆಯಾದರೆ ಹಿಕ್ಕೆ ಕೆಳಗೆ ಬೀಳುವುದಿಲ್ಲ.

ದೊಡ್ಡಿ ಒಣಗಿದೆಯೇ ಎಂದು ತಿಳಿಯಲು ನಿಂತುಕೊಂಡು ನೋಡಿದರೆ ಸಾಲದು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಒಳಗೆ ಹೋಗಿ ಮರಿಗಳ ಅಂಕಣದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮರಿಯ ಮೂಗಿನ ಮಟ್ಟದಲ್ಲಿ ಉಸಿರೆಳೆಯಿರಿ. ಮೂತ್ರದ ಘಾಟು ಕಣ್ಣಿಗೆ ಚುರ್ರೆಂದರೆ ರಾತ್ರಿಯಿಡೀ ಮರಿಗಳು ಅದನ್ನೇ ಉಸಿರಾಡಿವೆ. ಹಾಸು ತೆಗೆದು ಸುಣ್ಣ ಎರಚಿ, ಒಣ ಗರಸು ಹಾಕಿ.

ಮರಿಗಳ ಅಂಕಣ ಬೇರೆಯೇ ಇರಲಿ. ತಾಯಂದಿರು ನುಗ್ಗಲಾಗದ, ಮರಿಗಳು ಮಾತ್ರ ನುಸುಳುವ ಸಂದಿನ ಒಳಗೆ ಅವುಗಳ ದಾಣಿ ಇಡಬೇಕು. ದೊಡ್ಡವುಗಳ ಗೋದಲಿಯನ್ನು ಬಲೆಯ ಹೊರಗೆ ಕಟ್ಟಿ, ತಲೆ ಮಾತ್ರ ಹೊರಗೆ ಚಾಚಿ ತಿನ್ನುವಂತೆ ಮಾಡಿ. ಆಡು ತಾನು ತುಳಿದ ಮೇವನ್ನು ತಿನ್ನುವುದಿಲ್ಲ. ನೆಲಕ್ಕೆ ಹಾಕಿದ ಹೊಟ್ಟಿನ ದೊಡ್ಡ ಪಾಲು ತಿಪ್ಪೆಗೇ ಹೋಗುತ್ತದೆ.

ಮೇವು

ಮೂವತ್ತು ಕಿಲೋ ಆಡಿಗೆ ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು 1.2 ಕಿಲೋ ಆಹಾರ ಬೇಕು, ಅಂದರೆ ದೇಹತೂಕದ ಶೇಕಡಾ 4. ನಾಲ್ಕೈದು ಗಂಟೆ ಮೇದು ಬಂದರೆ ಅದರಲ್ಲಿ ಅರ್ಧ ಒದಗುತ್ತದೆ. ಉಳಿದದ್ದಕ್ಕೆ ಸಂಜೆ ಅರ್ಧ ಕಿಲೋ ತೊಗರಿ, ಕಡಲೆ ಅಥವಾ ಶೇಂಗಾ ಹೊಟ್ಟು, ಜೊತೆಗೆ ಕೈಗೆ ಸಿಕ್ಕಷ್ಟು ಹಸಿ. ಜೋಳದ ಕಣಿಕೆಗಿಂತ ದ್ವಿದಳದ ಹೊಟ್ಟು ಆಡಿಗೆ ಎಷ್ಟೋ ಮೇಲು, ವಿಜಯಪುರ, ಬಾಗಲಕೋಟೆಯವರ ಭಾಗ್ಯವೂ ಅದೇ. ಜನವರಿ, ಫೆಬ್ರವರಿಯಲ್ಲಿ ರಾಶಿಯಾದಾಗ ಹೊಟ್ಟು ಕೊಂಡು ಮಳೆ ತಾಗದ ಕಡೆ ತುಂಬಿಡಿ. ಮೇ ತಿಂಗಳಲ್ಲಿ ಹುಡುಕಿಕೊಂಡು ಹೋದರೆ ಕೇಳಿದ ಬೆಲೆ ತೆರಬೇಕು.

ಹತ್ತು ಗುಂಟೆ ನೀರಾವರಿಯಲ್ಲಿ ಅರ್ಧಕ್ಕೆ ಸಂಕರ ನೇಪಿಯರ್, ಅರ್ಧಕ್ಕೆ ಕುದುರೆ ಮೆಂತೆ ಅಥವಾ ಬೇಲಿ ಮೆಂತೆ. ಬದುವಿಗೆ ನುಗ್ಗೆ, ಅಗಸೆ, ಸುಬಾಬುಲ್ ಗಿಡ. ಸುಬಾಬುಲ್ ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರಬಾರದು. ಅದರಲ್ಲಿರುವ ಮಿಮೋಸಿನ್ ಹೆಚ್ಚಾದರೆ ಕೂದಲು ಉದುರುತ್ತದೆ. ಇನ್ನೊಂದು ಅಪಾಯ ನಮ್ಮದೇ ಹೊಲದ್ದು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಚಿಗುರಿದ ಕುಳೆಯಲ್ಲಿ ಸೈನೈಡ್ ವಿಷ ಸೇರಿರುತ್ತದೆ. ಅಂಥ ಹೊಲಕ್ಕೆ ನುಗ್ಗಿದ ಹಿಂಡಿನಲ್ಲಿ ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಆಡುಗಳು ಬೀಳಬಹುದು.

ದಾಣಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ನೂರು ಕಿಲೋಗೆ ಮೆಕ್ಕೆಜೋಳದ ನುಚ್ಚು 40, ಶೇಂಗಾ ಹಿಂಡಿ 25, ತೊಗರಿ ಚುನ್ನಿ 17, ಗೋಧಿ ಬೂಸಾ 15, ಖನಿಜ ಮಿಶ್ರಣ 2, ಉಪ್ಪು 1. ಬೂಷ್ಟು ಹಿಡಿದ ಹಿಂಡಿಯನ್ನು ಅಗ್ಗವೆಂದು ತರಬೇಡಿ, ಅದರ ವಿಷ ಯಕೃತ್ತನ್ನು ಹಾಳುಮಾಡುತ್ತದೆ. ವರ್ಷವಿಡೀ ಎಲ್ಲಕ್ಕೂ ದಾಣಿ ಹಾಕಬೇಕಿಲ್ಲ. ಗಬ್ಬದ ಕೊನೆಯ ಒಂದೂವರೆ ತಿಂಗಳು ಮತ್ತು ಈದ ಮೇಲೆ ಮರಿ ಹಾಲು ಬಿಡುವವರೆಗೆ ದಿನಕ್ಕೆ 200 ಗ್ರಾಂ. ಮರಿಯ ಹುಟ್ಟುತೂಕ ನಿರ್ಧಾರವಾಗುವುದು ಆ ಒಂದೂವರೆ ತಿಂಗಳಿನಲ್ಲಿ.

ಮೊದಲ ಮೂರು ತಿಂಗಳು

ಹುಟ್ಟಿದ ಮರಿಯನ್ನು ಕೊಕ್ಕೆ ತಕ್ಕಡಿಗೆ ಚೀಲ ಕಟ್ಟಿ ತೂಗಿ ಬರೆದಿಡಿ. 2.2 ಕಿಲೋ ಇದ್ದರೆ ನೆಮ್ಮದಿ. ಒಂದೂವರೆ ಕಿಲೋಗಿಂತ ಕಡಿಮೆಯಿದ್ದರೆ ಅದನ್ನು ಕೈಯಾರೆ ಉಳಿಸಿಕೊಳ್ಳಬೇಕು, ಬಿಟ್ಟರೆ ಉಳಿಯುವುದಿಲ್ಲ. ಒಣ ಗೋಣಿಯಿಂದ ಒರೆಸಿ, ಮೂಗಿನ ಲೋಳೆ ತೆಗೆದು, ಹೊಕ್ಕುಳ ಬಳ್ಳಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿ. ಮೊದಲ ಗಂಟೆಯೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಬೀಳಬೇಕು. ಸತ್ತೆ ಬೀಳುವವರೆಗೆ ಗಿಣ್ಣ ಕುಡಿಸಬಾರದೆಂಬ ನಂಬಿಕೆ ಕೆಲವು ಮನೆಗಳಲ್ಲಿ ಈಗಲೂ ಇದೆ. ಅದು ಮರಿಯನ್ನು ಕೊಲ್ಲುತ್ತದೆ, ಏಕೆಂದರೆ ತಾಯಿಯ ರೋಗನಿರೋಧಕ ಅಂಶಗಳನ್ನು ಮರಿಯ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ, ಅದೂ ಗಂಟೆ ಕಳೆದಂತೆ ಕಡಿಮೆಯಾಗುತ್ತ ಹೋಗುತ್ತದೆ. 24 ಗಂಟೆಯಲ್ಲಿ ದೇಹತೂಕದ ಹತ್ತನೇ ಒಂದು ಭಾಗ, ಅಂದರೆ 2.2 ಕಿಲೋ ಮರಿಗೆ ಸುಮಾರು 220 ಮಿಲಿ. ಅವಳಿಯಿದ್ದಾಗ ಬಲವಾದ ಮರಿ ಎರಡೂ ಮೊಲೆಯನ್ನು ಹಿಡಿಯುತ್ತದೆ. ಮೂರನೆಯ ಗಂಟೆಗೆ ಎರಡರ ಹೊಟ್ಟೆಯನ್ನೂ ಮುಟ್ಟಿ ನೋಡಿ. ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಆ ಮರಿಗೆ ಹಾಲು ಸಿಕ್ಕಿಲ್ಲ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು ಹಿಂಡಿ ಕುಡಿಸಿ.

ಮೊದಲ ವಾರ ಗೆದ್ದ ಮರಿಗೆ ಮೂರನೆಯ ವಾರದಿಂದ ಇನ್ನೊಂದು ಅಪಾಯ. ಒದ್ದೆ ಹಾಸಿನಲ್ಲಿ ಬೆಳೆಯುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿ ಕರುಳು ಸೇರಿ ಭೇದಿ ಮಾಡಿಸುತ್ತದೆ, ಕೆಲವೊಮ್ಮೆ ಅದರಲ್ಲಿ ರಕ್ತವೂ ಇರುತ್ತದೆ. ಬಾಲದ ಸುತ್ತ ಕೂದಲು ಅಂಟಿಕೊಂಡಿರುವುದು, ಮರಿ ಬೆನ್ನು ಬಾಗಿಸಿ ನಿಲ್ಲುವುದು ಮೊದಲ ಗುರುತು. ಇದಕ್ಕೆ ಜಂತುನಾಶಕ ಕುಡಿಸಿದರೆ ಪ್ರಯೋಜನವಿಲ್ಲ, ಔಷಧಿ ಬೇರೆ. ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ.

ಮೂರನೆಯದು ಕರುಳುಬೇನೆ. ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿದಾಗ, ಅಥವಾ ದಾಣಿಯನ್ನು ಒಮ್ಮೆಲೇ ಹೆಚ್ಚಿಸಿದಾಗ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ವಿಷ ಬಿಡುತ್ತದೆ. ಇದು ಸೊರಗಿದ ಮರಿಯನ್ನು ಹುಡುಕುವುದಿಲ್ಲ. ಹಿಂಡಿನ ಅತಿ ಚೆನ್ನಾಗಿ ಬೆಳೆದ ಮರಿ ರಾತ್ರಿ ಸರಿಯಾಗಿದ್ದು ಬೆಳಿಗ್ಗೆ ಸತ್ತು ಬಿದ್ದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಚಿಕಿತ್ಸೆಗೆ ಸಮಯ ಸಿಗುವುದು ಅಪರೂಪ, ಲಸಿಕೆಯೊಂದೇ ದಾರಿ. ಈಯುವ ಮೂರು ನಾಲ್ಕು ವಾರ ಮುಂಚೆ ತಾಯಿಗೆ ಲಸಿಕೆ ಹಾಕಿಸಿದರೆ ಗಿಣ್ಣದ ಮೂಲಕ ಮರಿಗೆ ರಕ್ಷಣೆ ಬರುತ್ತದೆ. ಮರಿಗೆ ಮೂರು ತಿಂಗಳಾದಾಗ ಮೊದಲ ಸೂಜಿ, ಎರಡು ಮೂರು ವಾರ ಬಿಟ್ಟು ಇನ್ನೊಂದು, ಆಮೇಲೆ ಪ್ರತಿ ವರ್ಷ ಮೇ ತಿಂಗಳಲ್ಲಿ. ಹಿರೇಬೇನೆಯ ಲಸಿಕೆಯನ್ನೂ ಮೂರು ನಾಲ್ಕು ತಿಂಗಳ ವಯಸ್ಸಿಗೆ ಹಾಕಿಸಬೇಕು, ಅದರ ರಕ್ಷಣೆ ಸುಮಾರು ಮೂರು ವರ್ಷ ಇರುತ್ತದೆ.

ಜಂತುನಾಶಕವನ್ನು ಅಂದಾಜಿನಲ್ಲಿ ಕುಡಿಸಬೇಡಿ. ತೂಕಕ್ಕಿಂತ ಕಡಿಮೆ ಕೊಟ್ಟರೆ ಉಳಿದ ಹುಳುಗಳು ಆ ಔಷಧಿಗೆ ಬಗ್ಗದಂತಾಗುತ್ತವೆ. ಗಬ್ಬದ ಮೊದಲ ಒಂದೂವರೆ ತಿಂಗಳು ಅಲ್ಬೆಂಡಜೋಲ್ ಕೊಡಲೇಬಾರದು.

ಈಯುವ ಕಾಲವನ್ನು ಹೋತ ನಿರ್ಧರಿಸಬಾರದು, ನೀವು ನಿರ್ಧರಿಸಬೇಕು. ಗಬ್ಬದ ಅವಧಿ 150 ದಿನ. ಜೂನ್, ಜುಲೈಯಲ್ಲಿ ಹೋತ ಬಿಟ್ಟರೆ ನವೆಂಬರ್, ಡಿಸೆಂಬರಿನಲ್ಲಿ ಮರಿ. ಗಬ್ಬದ ಕೊನೆಯ ದಿನಗಳಿಗೆ ಮಳೆಗಾಲದ ಹಸಿರು ಸಿಗುತ್ತದೆ, ಮರಿ ಹುಟ್ಟುವಾಗ ನೆಲ ಒಣಗಿರುತ್ತದೆ. ಎರಡು ವರ್ಷಕ್ಕೆ ಮೂರು ಸಲ ಎಂಬ ಗುರಿ ಹಿಡಿದರೆ ಎಂಟು ತಿಂಗಳಿಗೊಮ್ಮೆ ಈಯಬೇಕು, ಆಗ ಮುಂದಿನ ಸರದಿ ಜುಲೈ, ಆಗಸ್ಟಿನ ಕೆಸರಿಗೇ ಬೀಳುತ್ತದೆ. ಹೊಸಬರು ಆ ಓಟಕ್ಕೆ ಬೀಳದೆ, ಹತ್ತು ಆಡಿನಿಂದ ವರ್ಷಕ್ಕೆ 12 ಈತ ಸಿಕ್ಕರೆ ಸಾಕೆಂದು ನಡೆಯಲಿ.

ಈಗ ಹಣದ ಲೆಕ್ಕ

ಕೆಳಗಿನ ದರಗಳು ಲೆಕ್ಕಕ್ಕೆ ಹಿಡಿದವು. ನಿಮ್ಮ ಸಂತೆಯ ಈ ವಾರದ ದರವನ್ನು ಹಾಕಿಕೊಂಡು ಮತ್ತೆ ಕೂಡಿಸಿ ನೋಡಬೇಕು.

ಬಂಡವಾಳ: ಹತ್ತು ಆಡಿಗೆ ತಲಾ 10,000ದಂತೆ ಒಂದು ಲಕ್ಷ, ಹೋತಕ್ಕೆ 15,000, ದೊಡ್ಡಿ, ಬಲೆ ಮತ್ತು ಗೋದಲಿಗೆ 75,000. ಒಟ್ಟು 1,90,000 ರೂಪಾಯಿ.

ಆದಾಯ: 12 ಈತ, ಸರಾಸರಿ ಒಂದೂವರೆ ಮರಿ, ಅಂದರೆ 18 ಮರಿ. ಎರಡು ಸತ್ತವೆಂದರೆ 16. ಹಿಂಡಿಗೆಂದು ಎರಡು ಹೆಣ್ಣು ಮರಿ ಇಟ್ಟುಕೊಂಡರೆ ಮಾರಾಟಕ್ಕೆ 14. ದಿನಕ್ಕೆ 80 ಗ್ರಾಂ ಬೆಳೆದ ಮರಿ ಮೂರು ತಿಂಗಳಿಗೆ ಒಂಬತ್ತೂವರೆ ಕಿಲೋ ಹತ್ತಿರ ಬರುತ್ತದೆ. ಆಮೇಲೆ ದಿನಕ್ಕೆ 60 ಗ್ರಾಂ ಬೆಳೆದರೂ ಒಂಬತ್ತು ತಿಂಗಳಿಗೆ 20 ಕಿಲೋ. ಜೀವತೂಕ ಕಿಲೋಗೆ 350ರಂತೆ ಒಂದಕ್ಕೆ 7,000, ಹದಿನಾಲ್ಕಕ್ಕೆ 98,000. ಒಂದು ಹಳೆಯ ಆಡು ಮಾರಿದ್ದು 7,000, ಗೊಬ್ಬರ 6,000. ಒಟ್ಟು 1,11,000.

ಖರ್ಚು: ದಾಣಿ 740 ಕಿಲೋಗೆ 30ರಂತೆ 22,200. ಹೊಟ್ಟು 2,700 ಕಿಲೋಗೆ 6ರಂತೆ 16,200. ಹಸಿ ಮೇವಿನ ಬೇಸಾಯ 6,000. ಔಷಧಿ, ಲಸಿಕೆ ಒಂದಕ್ಕೆ 250ರಂತೆ 28 ಪ್ರಾಣಿಗಳಿಗೆ 7,000. ಖನಿಜ ಇಟ್ಟಿಗೆ 2,000, ವಿಮೆ 4,000, ರಿಪೇರಿ 3,000. ಇವು ಕೈಯಿಂದ ಹೋಗುವ ಹಣ, 60,400. ವರದಿಗಳು ಸಾಮಾನ್ಯವಾಗಿ ಇಲ್ಲಿಗೇ ನಿಂತು, 50,600 ಲಾಭ ಎಂದು ಬರೆಯುತ್ತವೆ. ದೊಡ್ಡಿ ಹತ್ತು ವರ್ಷ ಬಾಳುತ್ತದೆಂದರೆ ಅದರ ಸವಕಳಿ ವರ್ಷಕ್ಕೆ 7,500. ಬಂಡವಾಳಕ್ಕೆ ಶೇಕಡಾ 10 ಬಡ್ಡಿ 19,000. ಇವನ್ನೂ ಸೇರಿಸಿದರೆ ಖರ್ಚು 86,900, ಉಳಿತಾಯ 24,100.

ಈಗ ಒಂದೇ ಒಂದು ಅಂಕಿಯನ್ನು ಬದಲಿಸಿ. ಎರಡರ ಬದಲು ಆರು ಮರಿ ಸತ್ತವು ಎನ್ನಿ. ಗಿಣ್ಣ ತಡವಾಗಿ ಎರಡು, ಒದ್ದೆ ಹಾಸಿನ ಭೇದಿಗೆ ಎರಡು, ಕರುಳುಬೇನೆಗೆ ಎರಡು. ಯಾವ ಹಳ್ಳಿಯಲ್ಲೂ ಇದು ಅಸಹಜವಲ್ಲ. ಮಾರಾಟಕ್ಕೆ ಹತ್ತೇ ಮರಿ, 70,000. ಒಟ್ಟು ಆದಾಯ 83,000. ನಾಲ್ಕು ಮರಿಗಳ ದಾಣಿ, ಹೊಟ್ಟು, ಔಷಧಿ ಉಳಿದದ್ದು 4,240, ಖರ್ಚು 82,660. ಉಳಿಯುವುದು 340 ರೂಪಾಯಿ. ತಾಯಂದಿರು ತಿಂದದ್ದು ಕಡಿಮೆಯಾಗಲಿಲ್ಲ, ಬಡ್ಡಿ ಕಡಿಮೆಯಾಗಲಿಲ್ಲ, ನಾಲ್ಕು ಮರಿಗಳೊಂದಿಗೆ ವರ್ಷದ ಲಾಭ ಹೋಯಿತು.

ಇನ್ನೊಂದು ಮಾತನ್ನು ವರದಿಯಲ್ಲಿ ಮುಚ್ಚಿಡಬೇಡಿ. ಮೇಲಿನ ಲೆಕ್ಕದಲ್ಲಿ ದುಡಿಮೆಗೆ ಕೂಲಿ ಹಿಡಿದಿಲ್ಲ. ಮೇಯಿಸುವುದು, ಕಸ ತೆಗೆಯುವುದು, ಮೇವು ಕೊಯ್ಯುವುದು ಸೇರಿ ದಿನಕ್ಕೆ ಐದಾರು ಗಂಟೆ. ಒಳ್ಳೆಯ ವರ್ಷದ 24,100 ಎಂದರೂ ತಿಂಗಳಿಗೆ ಎರಡು ಸಾವಿರ. ಹತ್ತು ಆಡು ಒಂದು ಮನೆಯ ಉಪಆದಾಯ, ಪೂರ್ಣ ಬದುಕಲ್ಲ. ಹತ್ತನ್ನು ಮೇಯಿಸುವವರೇ ಮೂವತ್ತನ್ನೂ ಮೇಯಿಸಬಲ್ಲರು, ಆಗ ಅದೇ ದುಡಿಮೆಗೆ ಫಲ ಹೆಚ್ಚು. ಆದರೆ ಮೂವತ್ತಕ್ಕೆ ಹೋಗುವುದು ಎರಡು ವರ್ಷದ ಪುಸ್ತಕದಲ್ಲಿ ಮರಿಗಳ ಸಾವು ಹತ್ತಕ್ಕೆ ಒಂದಕ್ಕೆ ಇಳಿದ ಮೇಲೆ. ಪುಸ್ತಕದಲ್ಲಿ ತಾಯಿಯ ಗುರುತು, ಈದ ದಿನ, ಮರಿಗಳ ಹುಟ್ಟುತೂಕ, ಮೂರು ತಿಂಗಳ ತೂಕ, ಸತ್ತರೆ ಯಾವ ದಿನ ಯಾವ ಲಕ್ಷಣ, ಇಷ್ಟಿದ್ದರೆ ಸಾಕು. ಎರಡು ಸಲವೂ ಮರಿ ಉಳಿಸಿಕೊಳ್ಳದ ತಾಯಿ ಯಾವುದೆಂದು ಆ ಪುಸ್ತಕವೇ ತೋರಿಸುತ್ತದೆ, ಮಾರಬೇಕಾದದ್ದು ಅದನ್ನೇ.

ಮಾರುವಾಗ

ದಲ್ಲಾಳಿ ಬೆನ್ನ ಮೇಲೆ ಕೈಯಾಡಿಸಿ ಕಣ್ಣಂದಾಜಿನಲ್ಲಿ ಬೆಲೆ ಹೇಳುತ್ತಾನೆ. ಆ ಅಂದಾಜು ಎರಡು ಕಿಲೋ ಕಡಿಮೆಯಾದರೆ ಮರಿಗೆ 700 ರೂಪಾಯಿ ಹೋಯಿತು. ಮನೆಯಲ್ಲೇ ತೂಗಿ, ತೂಕ ಬರೆದುಕೊಂಡು ಸಂತೆಗೆ ಹೋಗಿ.

ಗಂಡು ಮರಿಗಳಲ್ಲಿ ಮೂರು ನಾಲ್ಕನ್ನು ಬಕ್ರೀದ್‌ಗೆಂದು ಉಳಿಸಿಕೊಳ್ಳಬಹುದು. ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2027ರಲ್ಲಿ ಅದು ಮೇ ತಿಂಗಳ ನಡುವೆ ಬರುತ್ತದೆ. ಹೋತಕ್ಕೆ ಒಂದು ವರ್ಷ ತುಂಬಿರಬೇಕು, ಗಿರಾಕಿ ಬಾಯಿ ಬಿಡಿಸಿ ಎರಡು ಹಲ್ಲು ನೋಡಿಯೇ ಕೊಳ್ಳುತ್ತಾನೆ. ಕೊಂಬು ಮುರಿದ, ಕಿವಿ ಹರಿದ, ಕುಂಟುವ ಪ್ರಾಣಿಯನ್ನು ಆ ಹಬ್ಬಕ್ಕೆ ಯಾರೂ ಕೊಳ್ಳುವುದಿಲ್ಲ. ಒಂಬತ್ತು ತಿಂಗಳಿನ ಮೇಲೆ ಇನ್ನೂ ನಾಲ್ಕು ತಿಂಗಳು ಸಾಕಿದರೆ 18 ಕಿಲೋ ದಾಣಿ, 48 ಕಿಲೋ ಹೊಟ್ಟು ಸೇರಿ ಮರಿಗೆ ಸುಮಾರು 830 ರೂಪಾಯಿ ಖರ್ಚು. ಆರು ಕಿಲೋ ತೂಕ ಏರಿದರೂ ಸಾಮಾನ್ಯ ದರದಲ್ಲೇ 2,100 ಬರುತ್ತದೆ, ಹಬ್ಬದ ದರ ಅದಕ್ಕಿಂತ ಮೇಲಿರುತ್ತದೆ. ಹಾಗೆಂದು ಎಲ್ಲ ಗಂಡುಗಳನ್ನೂ ಇಟ್ಟುಕೊಂಡರೆ ದೊಡ್ಡಿಯಲ್ಲಿ ಹೊಸ ಮರಿಗಳಿಗೆ ಜಾಗವಿರುವುದಿಲ್ಲ. ಮೂರು ತಿಂಗಳಾದ ಮೇಲೆ ಗಂಡು ಮರಿಗಳನ್ನು ಹೆಣ್ಣುಗಳಿಂದ ಬೇರ್ಪಡಿಸಲೇಬೇಕು, ನಾಲ್ಕೈದು ತಿಂಗಳಿಗೇ ಅವು ಹಾರತೊಡಗುತ್ತವೆ ಮತ್ತು ಪೂರ್ತಿ ಬೆಳೆಯದ ಹೆಣ್ಣು ಮರಿಗಳು ಗಬ್ಬವಾಗುತ್ತವೆ. ಅದಕ್ಕೆಂದೇ ದೊಡ್ಡಿಯ ಒಂದು ಮೂಲೆಯಲ್ಲಿ 40 ಚದರ ಅಡಿಯ ಅಂಕಣವನ್ನು ಕಟ್ಟುವಾಗಲೇ ಗೆರೆ ಹಾಕಿ ಬಿಟ್ಟುಕೊಳ್ಳಿ.